ಅಕ್ಷರವಿಲ್ಲದ ಕೈತೊಳೆಯುವ ಸ್ಲೈಡುಗಳು: ನರ್ಸ್ ಟ್ರೈನಿಂಗ್‌ನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಪತ್ರೆಯಲ್ಲಿ ಇನ್ಫೆಕ್ಷನ್ ಕಂಟ್ರೋಲ್ ನರ್ಸ್ ಆಗಿ ಹೊಸಬರಿಗೆ ಟ್ರೈನಿಂಗ್ ಕೊಡುವುದು ನನ್ನ ಕೆಲಸ. ಕೈತೊಳೆಯುವ ಸ್ಲೈಡುಗಳಲ್ಲಿ ನಂಬರು ಮತ್ತು ಚಿತ್ರ ಬಿಟ್ಟರೆ ಬೇರೇನೂ ಇರುವುದಿಲ್ಲ. ನೋಡಲು ತುಂಬ ಸುಲಭ ಅನ್ನಿಸುತ್ತದೆ. ಪ್ರತಿ ಬ್ಯಾಚಿನಲ್ಲೂ ಜಾಸ್ತಿ ಪ್ರಶ್ನೆ ಬರುವುದು ಮಾತ್ರ ಇದೇ ಸ್ಲೈಡುಗಳ ಮೇಲೆ. ಅವುಗಳಿಗೆ ಕೊಡುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಪಕ್ಕದಲ್ಲಿ ನಾಲ್ಕು ಸಾಲು ಬರೆದರೆ ಅನುಕೂಲ ಅಲ್ವಾ? ಬರೀ ಚಿತ್ರ ಯಾಕೆ?

ಬರೆಯಬಹುದು, ಆದರೆ ಓದುವವರು ಯಾರು? ಸಿಂಕಿನ ಮುಂದೆ ನಿಂತವರ ಎರಡೂ ಕೈ ಒದ್ದೆ. ಹಿಂದೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ಅಲ್ಲಿ ನಿಂತು ಯಾರೂ ಸಾಲು ಓದುವುದಿಲ್ಲ. ಕಣ್ಣು ಒಮ್ಮೆ ಹಾಯಿಸುತ್ತಾರೆ, ಅಷ್ಟೇ.

ಭಾಷೆಯ ತೊಡಕೂ ಇದೆ. ನಮ್ಮ ವಾರ್ಡುಗಳಲ್ಲಿ ಕನ್ನಡದವರ ಜೊತೆ ಮಲಯಾಳಂ ಮಾತಾಡುವ ಸಿಸ್ಟರ್‌ಗಳಿದ್ದಾರೆ, ಈಶಾನ್ಯ ರಾಜ್ಯಗಳಿಂದ ಬಂದವರಿದ್ದಾರೆ. ಅದೇ ಸಿಂಕನ್ನು ಬಳಸುವ ಆಯಾಗಳಲ್ಲಿ ಕೆಲವರಿಗೆ ಓದಲು ಬರುವುದಿಲ್ಲ. ಎಲ್ಲರಿಗೂ ಒಂದೇ ಹಾಳೆ ಸಾಕಾಗಬೇಕು. ಅದಕ್ಕೆ ಚಿತ್ರವೇ ಸರಿ. ಹಾಗಂತ ಅಕ್ಷರ ತೆಗೆದುಹಾಕಿದರೆ ಏನೂ ಕಳೆದುಹೋಗುವುದಿಲ್ಲ ಅಂದುಕೊಳ್ಳಬೇಡಿ. ಒಂದು ಮುಖ್ಯವಾದ ಮಾತು ಕಳೆದುಹೋಗುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಒಂದು ಪೋಸ್ಟರ್‌ನಲ್ಲಿ ಆರು ಹಂತ, ಇನ್ನೊಂದರಲ್ಲಿ ಹನ್ನೊಂದು. ಯಾವುದು ಸರಿ?

ಎರಡೂ ಸರಿ. ಎಣಿಕೆ ಬೇರೆ, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ಕೈತೊಳೆಯುವ ಪೋಸ್ಟರ್ 0ಯಿಂದ ಶುರುವಾಗಿ 11ಕ್ಕೆ ಮುಗಿಯುತ್ತದೆ. 0 ಎಂದರೆ ನೀರಿನಲ್ಲಿ ಕೈ ಒದ್ದೆ ಮಾಡುವುದು, 1 ಸೋಪು ಹಾಕಿಕೊಳ್ಳುವುದು. 2ರಿಂದ 7ರವರೆಗೆ ಉಜ್ಜುವುದು. 8 ತೊಳೆಯುವುದು, 9 ಒರೆಸುವುದು, 10 ಅದೇ ಟವೆಲ್ಲಿನಿಂದ ನಲ್ಲಿ ನಿಲ್ಲಿಸುವುದು. 11ರಲ್ಲಿ ಮಾಡಲು ಏನೂ ಇಲ್ಲ, ಕೈ ಶುದ್ಧವಾಯಿತು ಎಂದು ತೋರಿಸುವ ಚಿತ್ರ ಮಾತ್ರ.

'ಆರು ಹಂತ' ಎಂದು ಎಲ್ಲರೂ ಹೇಳುವುದು ನಡುವಿನ ಆ 2ರಿಂದ 7ರವರೆಗಿನ ಉಜ್ಜುವ ಭಾಗಕ್ಕೆ. ಉಜ್ಜುವುದನ್ನು ಆರು ಭಾಗ ಮಾಡಿ ತೋರಿಸುವ ಕ್ರಮ ತುಂಬ ಹಳೆಯದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಗ್ರಹಾಂ ಐಲಿಫ್ ಮತ್ತು ಅವರ ಜೊತೆಗಾರರು 1978ರಲ್ಲಿ ಅದನ್ನು ಪ್ರಕಟಿಸಿದರು.

ನಮ್ಮ ದೇಶದ ಟ್ರೈನಿಂಗ್‌ಗಳಲ್ಲಿ 'ಸುಮನ್-ಕೆ' ಎಂಬ ಸೂತ್ರವನ್ನೂ ಹೇಳಿಕೊಡುತ್ತಾರೆ. ಅದು ಹಿಂದಿ ಪದಗಳ ಮೊದಲ ಅಕ್ಷರಗಳಿಂದ ಆದದ್ದು. ಅಂಗೈ, ಕೈಯ ಹಿಂಭಾಗ, ಮುಷ್ಟಿ, ಹೆಬ್ಬೆರಳು, ಉಗುರು, ಕೊನೆಗೆ ಮಣಿಕಟ್ಟು. ಇದರಲ್ಲೂ ಆರೇ ಇವೆ, ಆದರೆ ಅದೇ ಆರಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆರರಲ್ಲಿ ಮಣಿಕಟ್ಟು ಇಲ್ಲ. ಬೇರೆ ಬೇರೆ ಕಡೆ ಟ್ರೈನಿಂಗ್ ಆದ ಇಬ್ಬರಿಗೆ 'ಆರನೇ ಹಂತ ತೋರಿಸಿ' ಅಂದರೆ ಒಬ್ಬರು ಹೆಬ್ಬೆರಳು ಹಿಡಿಯುತ್ತಾರೆ, ಇನ್ನೊಬ್ಬರು ಮಣಿಕಟ್ಟು ಹಿಡಿಯುತ್ತಾರೆ. ಪೋಸ್ಟರ್‌ನ ಆರನೇ ನಂಬರು ಹೆಬ್ಬೆರಳಿನದ್ದು. ಒಂದೇ ವಾರ್ಡಿನಲ್ಲಿ ಎರಡು ಬಗೆಯ ಪೋಸ್ಟರ್ ಅಂಟಿಸಬೇಡಿ ಅನ್ನುವುದು ಇದಕ್ಕೇ.

ಶುರು 0ಯಿಂದ ಯಾಕೆ? 1ರಿಂದ ನಂಬರು ಹಾಕಿದರೆ ಏನಾಗುತ್ತದೆ?

ಕೈತೊಳೆಯುವ ಪೋಸ್ಟರ್ ಮತ್ತು ನೀರಿಲ್ಲದೆ ಕೈಗೆ ಉಜ್ಜಿಕೊಳ್ಳುವ ಆಲ್ಕೋಹಾಲ್ ದ್ರವದ, ಅಂದರೆ ಹ್ಯಾಂಡ್ ರಬ್‌ನ ಪೋಸ್ಟರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹ್ಯಾಂಡ್ ರಬ್‌ನಲ್ಲಿ ಕೈ ಒದ್ದೆ ಮಾಡುವುದೇ ಇಲ್ಲ, ಹಾಗಾಗಿ ಅಲ್ಲಿ 0 ಇಲ್ಲ. ಅದರ 1 ರಬ್ ಹಾಕಿಕೊಳ್ಳುವುದು, ಇದರ 1 ಸೋಪು ಹಾಕಿಕೊಳ್ಳುವುದು. ಆಮೇಲೆ 2ರಿಂದ 7ರವರೆಗೆ ಎರಡರಲ್ಲೂ ಅದೇ ನಂಬರಿಗೆ ಅದೇ ಚಿತ್ರ. ಒಂದನ್ನು ಕಲಿತರೆ ಇನ್ನೊಂದೂ ಬಂದಂತೆ. ನೀವು ಸ್ಲೈಡ್ ಮಾಡುವಾಗ 'ಸೊನ್ನೆ ಚೆನ್ನಾಗಿ ಕಾಣಲ್ಲ' ಎಂದು 1ರಿಂದ ಶುರು ಮಾಡಿದರೆ ಈ ಜೋಡಿ ತಪ್ಪಿಹೋಗುತ್ತದೆ.

ಚಿತ್ರದಲ್ಲಿ ಇದ್ದಂತೆಯೇ ಮಾಡಿದೆ. ಆದರೂ ಕೈಯ ಕೆಲವು ಭಾಗ ಉಳಿಯಿತು ಅಂದರು. ಹೇಗೆ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಪೋಸ್ಟರ್‌ನ ಮೂಲ ಪ್ರತಿಯಲ್ಲಿ ಪ್ರತಿ ಚಿತ್ರದ ಕೆಳಗೆ ಒಂದು ಸಣ್ಣ ಸಾಲು ಇದೆ. 3, 6 ಮತ್ತು 7ನೇ ಚಿತ್ರಗಳ ಸಾಲಿನ ಕೊನೆಯಲ್ಲಿ 'ಹಾಗೆಯೇ ಇನ್ನೊಂದು ಕೈಗೂ' ಎಂಬ ಅರ್ಥದ ಮಾತಿದೆ. ಅಕ್ಷರ ತೆಗೆದ ಸ್ಲೈಡಿನಲ್ಲಿ ಈ ಮಾತು ಹೋಗಿರುತ್ತದೆ. ಚಿತ್ರದಲ್ಲಿ ಕಾಣುವುದು ಒಂದು ಕಡೆ ಮಾತ್ರ.

ಈಗ ಚಿತ್ರವನ್ನು ಇದ್ದದ್ದು ಇದ್ದ ಹಾಗೆ ಪಾಲಿಸಿ ನೋಡೋಣ. 3ನೇ ಚಿತ್ರದಲ್ಲಿ ಬಲಗೈಯ ಅಂಗೈ ಎಡಗೈಯ ಹಿಂಭಾಗದ ಮೇಲೆ ಇದೆ. ಎಡಗೈಯ ಹಿಂಭಾಗ ಶುದ್ಧವಾಯಿತು. ಬಲಗೈಯ ಹಿಂಭಾಗ ಉಳಿಯಿತು. 6ರಲ್ಲಿ ಎಡ ಹೆಬ್ಬೆರಳನ್ನು ಬಲಗೈ ಹಿಡಿದು ತಿರುಗಿಸುತ್ತದೆ. ಬಲ ಹೆಬ್ಬೆರಳು ಉಳಿಯಿತು. 7ರಲ್ಲಿ ಬಲಗೈ ಬೆರಳುಗಳನ್ನು ಒಟ್ಟು ಮಾಡಿ ಎಡ ಅಂಗೈಯಲ್ಲಿ ಉಜ್ಜುತ್ತಾರೆ. ಎಡಗೈಯ ಬೆರಳ ತುದಿಗಳು ಉಳಿದವು.

ಬಲಗೈ ಬಳಸುವ ಸಿಸ್ಟರ್ ಒಬ್ಬರು ಹೀಗೆ ತೊಳೆದು ಕ್ಯಾನುಲಾ ಹಾಕಲು ಹೋದರು ಅಂದುಕೊಳ್ಳಿ. ರಕ್ತನಾಳ ಎಲ್ಲಿದೆ ಎಂದು ಒತ್ತಿ ನೋಡುವುದು ಎಡಗೈಯ ಬೆರಳ ತುದಿಯಿಂದ. ಕ್ಯಾನುಲಾ ಹಿಡಿಯುವುದು ಬಲ ಹೆಬ್ಬೆರಳು ಮತ್ತು ತೋರುಬೆರಳಿನಿಂದ. ಉಳಿದುಹೋದ ಮೂರು ಜಾಗಗಳಲ್ಲಿ ಎರಡು ನೇರವಾಗಿ ಕೆಲಸಕ್ಕೆ ಬಂದವು. ಗ್ಲೌಸ್ ಹಾಕುತ್ತೇವಲ್ಲ ಅನ್ನಬಹುದು. ಪೆಟ್ಟಿಗೆಯಿಂದ ಗ್ಲೌಸ್ ಎಳೆಯುವುದೂ ಅದೇ ಹೆಬ್ಬೆರಳು, ಅದೇ ತುದಿಗಳು.

ಹೆಬ್ಬೆರಳು, ಬೆರಳ ತುದಿ, ಬೆರಳ ಸಂದಿ ಬಿಟ್ಟುಹೋಗುವುದು ಹೊಸ ವಿಷಯ ಏನಲ್ಲ. ಬ್ರಿಟನ್ನಿನ ನರ್ಸ್‌ಗಳ ಕೈ ಪರೀಕ್ಷಿಸಿದಾಗ 1978ರಲ್ಲೇ ಇದು ಕಂಡುಬಂದಿತ್ತು.

ಹಾಗಾದರೆ 'ಇನ್ನೊಂದು ಕೈಗೂ' ಎನ್ನುವುದನ್ನು ಅಕ್ಷರ ಇಲ್ಲದೆ ತೋರಿಸುವುದು ಹೇಗೆ?

ನಾನು ಮೊದಲು ಹಾಕಿದ್ದು ಎರಡು ತುದಿಯ ಬಾಣ. ಅದು ಕೆಲಸ ಮಾಡಲಿಲ್ಲ. 'ಹಿಂದೆ ಮುಂದೆ ಉಜ್ಜಿ' ಎಂದು ಎಲ್ಲರೂ ಓದಿಕೊಂಡರು. ತಪ್ಪು ಅವರದ್ದಲ್ಲ, ಉಜ್ಜುವ ದಿಕ್ಕಿಗೂ ನಾನು ಅಂಥದ್ದೇ ಬಾಣ ಹಾಕಿದ್ದೆ.

ಆಮೇಲೆ 3, 6, 7ನ್ನು ಒಡೆದು ಎರಡೆರಡು ಚಿತ್ರ ಮಾಡಿದೆ. ನಂಬರು ಬದಲಿಸಲಿಲ್ಲ. 6ರ ಚೌಕದೊಳಗೇ ಎರಡು ಅರ್ಧ, ಒಂದರಲ್ಲಿ ಎಡ ಹೆಬ್ಬೆರಳು, ಇನ್ನೊಂದರಲ್ಲಿ ಬಲ ಹೆಬ್ಬೆರಳು. ಇದರ ಜೊತೆ ಇನ್ನೊಂದು ಉಪಾಯ. ಆ ಹಂತದಲ್ಲಿ ಯಾವ ಭಾಗ ಶುದ್ಧವಾಗುತ್ತದೆಯೋ ಅದಕ್ಕೆ ಮಾತ್ರ ಹಸಿರು ಬಣ್ಣ ತುಂಬಿದೆ. ಇನ್ನೊಂದು ಕೈ ಬಿಳಿ ಬಿಳಿಯಾಗಿಯೇ ಇರುತ್ತದೆ. 'ಉಜ್ಜುವ ಕೈ ಯಾವುದು, ಉಜ್ಜಿಸಿಕೊಳ್ಳುವ ಕೈ ಯಾವುದು' ಎಂಬ ಗೊಂದಲ ಇದರಿಂದ ತುಂಬ ಕಡಿಮೆಯಾಯಿತು.

ಎಣಿಸಿ ನೋಡಿದರೆ ಚಿತ್ರ ಆರು, ಕೈ ಮಾಡುವ ಕೆಲಸ ಒಂಬತ್ತು. ಸ್ಲೈಡ್ ನೋಡಿಕೊಂಡು ತೊಳೆಯುವವರನ್ನು ಗಮನಿಸುವಾಗ ನಾನು ಮನಸ್ಸಿನಲ್ಲಿ ಎಣಿಸುವುದು ಒಂಬತ್ತು. ಆರಕ್ಕೆ ನಿಂತರೆ ಎಲ್ಲಿ ಬಿಟ್ಟರು ಎಂದು ಕೇಳುವ ಅಗತ್ಯವೇ ಇಲ್ಲ.

5ನೇ ಚಿತ್ರ ಯಾರಿಗೂ ಅರ್ಥವಾಗುವುದಿಲ್ಲ. ಅದು ಏನು?

ನಿಜ, ಅದೇ ಎಲ್ಲಕ್ಕಿಂತ ಕಷ್ಟದ ಚಿತ್ರ. ಕೈ ಕೈ ಹಿಡಿದು ಕುಲುಕಿದ ಹಾಗೆ ಕಾಣುತ್ತದೆ. ಒಮ್ಮೆ ಒಂದು ಬ್ಯಾಚಿಗೆ ಏನೂ ಹೇಳದೆ ಸ್ಲೈಡ್ ತೋರಿಸಿದೆ. 5 ಬಂದಾಗ ಒಬ್ಬರು ಎರಡೂ ಕೈ ಬಿಗಿಯಾಗಿ ಹಿಡಿದು ಸುಮ್ನೆ ನಿಂತರು. ಇನ್ನೊಬ್ಬರು 4ನೇದನ್ನೇ ಮತ್ತೆ ಮಾಡಿದರು. ಒಬ್ಬ ಹುಡುಗಿ ಮಾತ್ರ, "ಮೇಡಂ, ಇದು ನಟಿಕೆ ತೆಗೆಯೋದಾ?" ಎಂದು ಕೇಳಿದಳು. ಎಲ್ಲರೂ ನಕ್ಕರು. ಆದರೆ ಸರಿಯಾದ ಉತ್ತರಕ್ಕೆ ಹತ್ತಿರ ಇದ್ದದ್ದು ಅವಳೇ, ಯಾಕೆಂದರೆ ಅವಳ ಗಮನ ಬೆರಳ ಗಿಣ್ಣಿನ ಮೇಲೆ ಇತ್ತು.

ಮಾಡುವುದು ಹೀಗೆ. ಒಂದು ಅಂಗೈ ಮೇಲ್ಮುಖ, ಇನ್ನೊಂದು ಕೆಳಮುಖ. ಎರಡೂ ಕೈಯ ಬೆರಳುಗಳನ್ನು ಕೊಕ್ಕೆಯಂತೆ ಮಡಿಸಿ ಒಂದಕ್ಕೊಂದು ಸಿಕ್ಕಿಸಿ. ಈಗ ಬೆರಳುಗಳ ಬೆನ್ನು ಎದುರಿನ ಅಂಗೈಗೆ ತಾಗುತ್ತದೆ. ಹಾಗೇ ಅಕ್ಕಪಕ್ಕ ಜರುಗಿಸಿ ಉಜ್ಜಿ. ಎರಡೂ ಕೈಯ ಬೆರಳ ಬೆನ್ನು ಒಟ್ಟಿಗೇ ಶುದ್ಧವಾಗುತ್ತದೆ. ಅದಕ್ಕೇ ಈ ಹಂತಕ್ಕೆ 'ಇನ್ನೊಂದು ಕೈಗೂ' ಬೇಕಿಲ್ಲ.

ಒಂದೇ ಚಿತ್ರದಲ್ಲಿ ಇದನ್ನು ತೋರಿಸಲು ಹೋಗಬೇಡಿ. ಮೊದಲ ಅರ್ಧದಲ್ಲಿ ಕೈಗಳು ಬಿಡಿಬಿಡಿಯಾಗಿ, ಬೆರಳು ಮಡಿಸಿ ಎದುರುಬದುರಾಗಿ ಇರಲಿ. ಎರಡನೇ ಅರ್ಧದಲ್ಲಿ ಸಿಕ್ಕಿಸಿದ್ದು.

3 ಮತ್ತು 4 ಒಂದೇ ಥರ ಕಾಣುತ್ತವೆ.

ಎರಡರಲ್ಲೂ ಬೆರಳ ಸಂದಿಗೆ ಬೆರಳು ಹೋಗುತ್ತದೆ. 3ರಲ್ಲಿ ಅಂಗೈ ಇನ್ನೊಂದು ಕೈಯ ಹಿಂಭಾಗದ ಮೇಲೆ. 4ರಲ್ಲಿ ಅಂಗೈಗೆ ಅಂಗೈ. ಚಿತ್ರದಲ್ಲಿ ಉಗುರು ಸ್ಪಷ್ಟವಾಗಿ ಕಾಣಬೇಕು. 3ರಲ್ಲಿ ಎರಡೂ ಕೈಯ ಉಗುರು ನೋಡುವವರ ಕಡೆಗೇ ಇರುತ್ತವೆ. ಮಸುಕಾದ ಜೆರಾಕ್ಸ್ ಪ್ರತಿಯಲ್ಲಿ ಉಗುರು ಮಾಯವಾಗಿರುತ್ತದೆ, ಆಗ ಎರಡೂ ಒಂದೇ.

ನಮ್ಮ ಸ್ಟಾಫ್ ಕೈಯದೇ ಫೋಟೋ ತೆಗೆದು ಸ್ಲೈಡ್ ಮಾಡಬಹುದಾ? ಯಾವ ಕಡೆಯಿಂದ ತೆಗೆಯಬೇಕು?

ಖಂಡಿತ ಮಾಡಬಹುದು. ನಮ್ಮದೇ ಸಿಂಕು, ನಮ್ಮದೇ ನಲ್ಲಿ ಕಂಡರೆ ಜನ ಜಾಸ್ತಿ ಹೊತ್ತು ನೋಡುತ್ತಾರೆ. ಮೊಬೈಲನ್ನು ತೊಳೆಯುವವರ ಹೆಗಲ ಮೇಲಿನಿಂದ ಹಿಡಿದು, ಅವರ ಕಣ್ಣಿಗೆ ಕೈ ಹೇಗೆ ಕಾಣುತ್ತದೆಯೋ ಹಾಗೇ ತೆಗೆಯಿರಿ. ಎದುರು ನಿಂತು ತೆಗೆದರೆ ಎಡ ಬಲ ಉಲ್ಟಾ ಆಗುತ್ತದೆ. ನೋಡುವವರು ತಲೆಯಲ್ಲೇ ಚಿತ್ರವನ್ನು ತಿರುಗಿಸಿಕೊಳ್ಳಬೇಕು. ಅರ್ಧ ಜನ ತಿರುಗಿಸಿಕೊಳ್ಳುವುದಿಲ್ಲ, ಕನ್ನಡಿ ನೋಡಿದ ಹಾಗೆ ಮಾಡುತ್ತಾರೆ. ಎರಡೂ ಕೈಗೆ ಮಾಡಿದರೆ ಇದರಿಂದ ನಷ್ಟವಿಲ್ಲ. ಆದರೆ 'ಇದು ಯಾವ ಕೈ' ಎಂಬ ಯೋಚನೆಯಲ್ಲೇ ಮುಂದಿನ ಹಂತ ಮರೆತುಹೋಗುತ್ತದೆ.

ನೊರೆ ಜಾಸ್ತಿ ಇದ್ದರೆ ಬೆರಳು ಕಾಣುವುದಿಲ್ಲ. ಉಜ್ಜುವ ಆರು ಹಂತಗಳ ಫೋಟೋವನ್ನು ಸೋಪಿಲ್ಲದೆ ಒಣ ಕೈಯಲ್ಲಿ ತೆಗೆದುಕೊಳ್ಳಿ. ಹಿಂದೆ ಗಾಢ ಬಣ್ಣದ ಒಂದು ಬಟ್ಟೆ ಇರಲಿ.

ಫೋಟೋದಲ್ಲಿ ಬಳೆ, ಉಂಗುರ ಇದ್ದರೆ ಪರವಾಗಿಲ್ವಾ?

ಬೇಡ. ಚಿತ್ರದಲ್ಲಿ ಇದ್ದದ್ದನ್ನೆಲ್ಲ ಜನ 'ಇದಕ್ಕೆ ಒಪ್ಪಿಗೆ ಇದೆ' ಎಂದೇ ಓದುತ್ತಾರೆ. ನಮ್ಮ ಮೊದಲ ಸ್ಲೈಡಿನಲ್ಲಿ ಹಿರಿಯ ಸಿಸ್ಟರ್ ಒಬ್ಬರ ಕೈ ಇತ್ತು, ಎರಡು ಚಿನ್ನದ ಬಳೆ ಸಮೇತ. ಬಳೆ ತೆಗೆಯಿರಿ ಎಂದು ಯಾರಿಗಾದರೂ ಹೇಳಿದರೆ ಸ್ಲೈಡಿನ ಕಡೆ ಬೆರಳು ತೋರಿಸುತ್ತಿದ್ದರು. ಏನು ಉತ್ತರ ಕೊಡುವುದು?

ಉಂಗುರದ ಕೆಳಗೆ ಸೋಪು ಸರಿಯಾಗಿ ಹೋಗುವುದಿಲ್ಲ, ಒರೆಸಿದ ಮೇಲೂ ಅಲ್ಲಿ ತೇವ ಉಳಿಯುತ್ತದೆ. ಬಳೆ ಇದ್ದರೆ ಮಣಿಕಟ್ಟು ಉಜ್ಜಲು ಆಗುವುದಿಲ್ಲ. ಹಾಗಾಗಿ 0ಗಿಂತ ಮುಂಚೆ, ನಂಬರಿಲ್ಲದ ಒಂದು ಚಿತ್ರ ಹಾಕಿದ್ದೇನೆ. ಒಂದು ಸಣ್ಣ ಬಟ್ಟಲು, ಅದರಲ್ಲಿ ಬಳೆ, ಉಂಗುರ, ವಾಚು. ಪಕ್ಕದಲ್ಲಿ ಖಾಲಿ ಕೈ. ಉಗುರು ಮೋಟಾಗಿ ಕತ್ತರಿಸಿದ್ದೂ ಅದೇ ಚಿತ್ರದಲ್ಲಿ ಕಾಣುತ್ತದೆ. ಅರ್ಧ ಸೆಂಟಿಮೀಟರಿಗಿಂತ ಕಡಿಮೆ ಇರಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯ ಮಾತು. ಅಂಟಿಸಿದ ಉಗುರು ಬೇಡವೇ ಬೇಡ.

ಎಷ್ಟು ಹೊತ್ತು ಎನ್ನುವುದನ್ನು ಚಿತ್ರದಲ್ಲಿ ಹೇಗೆ ಹೇಳುವುದು?

ಗಡಿಯಾರದ ಚಿತ್ರ ಹಾಕಿ '40–60' ಎಂದು ಬರೆದರೆ ಸಾಕು. ಅದು ಸೆಕೆಂಡು. ಆದರೆ ಗಡಿಯಾರವನ್ನು ಎಲ್ಲಿ ಇಡುತ್ತೀರಿ ಎನ್ನುವುದು ಮುಖ್ಯ. ಆ 40ರಿಂದ 60 ಸೆಕೆಂಡು 0ಯಿಂದ ಕೊನೆಯವರೆಗಿನ ಇಡೀ ಕೆಲಸಕ್ಕೆ. ಉಜ್ಜುವ ಚಿತ್ರದ ಪಕ್ಕದಲ್ಲಿ ಇಟ್ಟರೆ ಬರೀ ಉಜ್ಜುವುದಕ್ಕೇ ಒಂದು ನಿಮಿಷ ಎಂದು ತಿಳಿದು, 'ಇಷ್ಟು ರೋಗಿಗಳನ್ನು ಇಟ್ಟುಕೊಂಡು ಯಾರಿಂದ ಆಗುತ್ತೆ' ಎಂದು ಕೈಬಿಡುತ್ತಾರೆ. ಸ್ಲೈಡಿನ ಮೇಲ್ಭಾಗದಲ್ಲಿ, ಎಲ್ಲ ಚಿತ್ರಗಳನ್ನೂ ಸೇರಿಸುವ ಒಂದು ಗೆರೆಯ ಮೇಲೆ ಇಡಿ.

ನಾನು ಹೇಳಿಕೊಡುವ ಲೆಕ್ಕ ಸುಲಭ. ಒಂಬತ್ತು ಕೆಲಸ, ಒಂದೊಂದಕ್ಕೂ ನಿಧಾನವಾಗಿ ಮೂರು ಎಣಿಸಿ. ಉಜ್ಜುವುದಕ್ಕೆ 27 ಸೆಕೆಂಡು ಆಯಿತು. ಒದ್ದೆ ಮಾಡಿ, ಸೋಪು ಹಾಕಿ, ತೊಳೆದು, ಒರೆಸುವುದು ಸೇರಿದರೆ 40 ದಾಟುತ್ತದೆ, 60ರ ಒಳಗೆ ಮುಗಿಯುತ್ತದೆ.

ಹ್ಯಾಂಡ್ ರಬ್‌ಗೂ ಇದೇ ಸ್ಲೈಡ್ ತೋರಿಸಬಹುದಾ?

ನಡುವಿನ ಆರು ಚಿತ್ರ ಅವೇ. ಆದರೆ ಮೊದಲೂ ಕೊನೆಯೂ ಬೇರೆ. ರಬ್ ಹಾಕುವುದು ಒಣ ಕೈಗೆ. ಒದ್ದೆ ಕೈಗೆ ಹಾಕಿದರೆ ಅದು ನೀರಾಗಿಬಿಡುತ್ತದೆ. ಅಂಗೈಯನ್ನು ಬಟ್ಟಲು ಮಾಡಿ ಅದರ ತುಂಬ ತೆಗೆದುಕೊಳ್ಳಬೇಕು. ಆರೂ ಚಿತ್ರ ಮುಗಿದು ಕೈ ತಾನಾಗಿ ಒಣಗುವವರೆಗೆ 20ರಿಂದ 30 ಸೆಕೆಂಡು. ತೊಳೆಯುವುದೂ ಇಲ್ಲ, ಒರೆಸುವುದೂ ಇಲ್ಲ. ಎರಡನ್ನೂ ಒಂದೇ ಸ್ಲೈಡಿನಲ್ಲಿ ತುಂಬಿಸಿದ ಕಡೆ ರಬ್ ಹಾಕಿ, ಸೀದಾ ಸಿಂಕಿಗೆ ಹೋಗಿ ತೊಳೆದುಕೊಂಡವರನ್ನು ನೋಡಿದ್ದೇನೆ. ಎರಡು ಸ್ಲೈಡ್ ಮಾಡಿ.

ರಬ್ ಸಾಕಾಯಿತಾ ಇಲ್ಲವಾ ಎಂದು ಕೈಯೇ ಹೇಳುತ್ತದೆ. 5ಕ್ಕೆ ಬರುವ ಮೊದಲೇ ಒಣಗಿತು ಅಂದರೆ ತೆಗೆದುಕೊಂಡದ್ದು ಕಡಿಮೆ. ಹೆಬ್ಬೆರಳು, ಬೆರಳ ತುದಿ 6 ಮತ್ತು 7ರಲ್ಲಿ ಇವೆ, ಕೊನೆಯಲ್ಲಿ. ರಬ್ ಕಡಿಮೆಯಾದಾಗ ಪೆಟ್ಟು ಬೀಳುವುದು ಅವಕ್ಕೇ.

ರಬ್ ಎಲ್ಲದಕ್ಕೂ ಆಗುವುದಿಲ್ಲ. ಕೈಗೆ ರಕ್ತ, ಮಲ ಅಥವಾ ಕಣ್ಣಿಗೆ ಕಾಣುವ ಯಾವುದೇ ಕೊಳೆ ತಾಗಿದ್ದರೆ ಸೋಪು ನೀರೇ ಬೇಕು. ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದಿಂದ ಭೇದಿ ಆದ ರೋಗಿ ಇದ್ದರೂ ಹಾಗೇ. ಅದರ ಬೀಜಕಣಗಳನ್ನು ಆಲ್ಕೋಹಾಲ್ ಕೊಲ್ಲುವುದಿಲ್ಲ, ನೀರಿನಲ್ಲಿ ತೊಳೆದೇ ಕಳಿಸಬೇಕು.

10ನೇ ಚಿತ್ರದಲ್ಲಿ ಟವೆಲ್ಲಿನಿಂದ ನಲ್ಲಿ ತಿರುಗಿಸುತ್ತಾರೆ. ನಮ್ಮಲ್ಲಿ ಮೊಣಕೈ ನಲ್ಲಿ ಇದೆ. ಏನು ಮಾಡುವುದು?

ಹಾಗಾದರೆ ಆ ಚಿತ್ರ ನಿಮಗೆ ಸುಳ್ಳು. ತೆಗೆದು, ಮೊಣಕೈಯಿಂದ ನಲ್ಲಿ ನಿಲ್ಲಿಸುವ ಫೋಟೋ ಹಾಕಿ. ನಂಬರು ಮಾತ್ರ 10 ಇರಲಿ.

ತಿರುಗಿಸುವ ನಲ್ಲಿ ಇದ್ದರೆ ಚಿತ್ರದ ಅರ್ಥ ಇಷ್ಟೇ. ಕೊಳೆ ಕೈಯಲ್ಲಿ ನಲ್ಲಿ ತೆರೆದಿದ್ದೀರಿ, ತೊಳೆದ ಕೈಯಲ್ಲಿ ಅದನ್ನು ಮತ್ತೆ ಮುಟ್ಟಬೇಡಿ. ಟಿಶ್ಯೂ ಇಲ್ಲದ ವಾರ್ಡಿನಲ್ಲಿ ಈ ಚಿತ್ರ ನೋಡಿದವರು ಏನು ಮಾಡುತ್ತಾರೆ ಗೊತ್ತಾ? ಬಾಗಿಲ ಹಿಂದೆ ನೇತುಹಾಕಿದ, ಬೆಳಗಿನಿಂದ ಎಲ್ಲರೂ ಒರೆಸಿಕೊಂಡ ಟವೆಲ್ಲನ್ನು ಹಿಡಿಯುತ್ತಾರೆ. ಚಿತ್ರದಲ್ಲಿ ಟವೆಲ್ ಇದೆಯಲ್ಲ! ಮೂಲದಲ್ಲಿ 'ಒಮ್ಮೆ ಮಾತ್ರ ಬಳಸುವ' ಎಂಬ ಮಾತಿದೆ, ಅಕ್ಷರದ ಜೊತೆ ಅದೂ ಹೋಯಿತು. 10ರ ಪಕ್ಕದಲ್ಲೇ ಟಿಶ್ಯೂ ಕಸದ ಬುಟ್ಟಿಗೆ ಬೀಳುವುದನ್ನು ತೋರಿಸಿ. ಬಟ್ಟೆ ಟವೆಲ್ಲೇ ಬಳಸುವುದಾದರೆ ಒಬ್ಬರಿಗೆ ಒಂದು ಸಣ್ಣ ತುಂಡು, ಬಳಸಿದ್ದನ್ನು ಹಾಕಲು ಬೇರೆ ಡಬ್ಬ, ಆಮೇಲೆ ಅದು ಲಾಂಡ್ರಿಗೆ.

ಪೋಸ್ಟರ್ ಸಿಂಕಿನ ಮೇಲೆಯೇ ಇದೆ. ಆದರೂ ಹಂತ ತಪ್ಪುತ್ತಾರೆ ಯಾಕೆ?

ಚಿತ್ರ ಎದುರಿಗಿದ್ದ ಮಾತ್ರಕ್ಕೆ ಕೈ ಅದನ್ನು ಪಾಲಿಸುವುದಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹ್ಯಾಂಡ್ ರಬ್ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರು ಹಂತದ ಕ್ರಮವನ್ನು ಮೂರು ಹಂತದ ಕ್ರಮದೊಂದಿಗೆ ಹೋಲಿಸಿದ್ದರು. ಆರು ಹಂತದಲ್ಲಿ ಬ್ಯಾಕ್ಟೀರಿಯಾ ಜಾಸ್ತಿ ಕಡಿಮೆಯಾಯಿತು, ಸಮಯವೂ ಸ್ವಲ್ಪ ಜಾಸ್ತಿ ಹಿಡಿಯಿತು: 35 ಸೆಕೆಂಡಿನ ಬದಲು 42.5. ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ಅಂಕಿ. ಹಂತಗಳ ಹಾಳೆ ಕಣ್ಣೆದುರು ಇತ್ತು, ಪಕ್ಕದಲ್ಲಿ ನಿಂತು ನೋಡುವವರೂ ಇದ್ದರು. ಆದರೂ ಆರನ್ನೂ ಪೂರ್ತಿ ಮಾಡಿದವರು 65 ಶೇಕಡಾ ಮಾತ್ರ. ನಮ್ಮ ರಾತ್ರಿ ಡ್ಯೂಟಿಯಲ್ಲಿ ನೋಡುವವರೂ ಇರುವುದಿಲ್ಲ.

ನಾವು ಮಾಡಿದ ಸ್ಲೈಡ್ ಅರ್ಥವಾಗುತ್ತದೆಯೋ ಇಲ್ಲವೋ ತಿಳಿಯುವುದು ಹೇಗೆ?

'ಅರ್ಥ ಆಯ್ತಾ?' ಎಂದು ಕೇಳಬೇಡಿ, 'ಆಯ್ತು ಮೇಡಂ' ಎಂದೇ ಹೇಳುತ್ತಾರೆ. ಈ ಚಿತ್ರಗಳನ್ನು ಮೊದಲು ನೋಡಿರದ ನಾಲ್ಕೈದು ಜನರನ್ನು ಒಬ್ಬೊಬ್ಬರಾಗಿ ಕರೆಯಿರಿ. ಸ್ಲೈಡ್ ತೋರಿಸಿ, ಬಾಯಿ ಮುಚ್ಚಿಕೊಂಡು ನಿಲ್ಲಿ. ಕೈ ಏನು ಮಾಡುತ್ತದೆ ಎಂದು ಮಾತ್ರ ಬರೆದುಕೊಳ್ಳಿ. ಇಬ್ಬರು ಒಂದೇ ಕಡೆ ಎಡವಿದರೆ ಬದಲಿಸಬೇಕಾದದ್ದು ಆ ಚಿತ್ರ. ತಿದ್ದಿದ ಮೇಲೆ ಬೇರೆ ಜನರನ್ನು ಕರೆಯಿರಿ, ಹಳಬರಿಗೆ ಉತ್ತರ ಗೊತ್ತಾಗಿರುತ್ತದೆ.

ಅಲ್ಟ್ರಾವಯಲೆಟ್ ದೀಪದಲ್ಲಿ ಹೊಳೆಯುವ ಟ್ರೈನಿಂಗ್ ಲೋಷನ್ ಸಿಕ್ಕರೆ ಇನ್ನೂ ಒಳ್ಳೆಯದು. ಅದನ್ನು ಕೈಗೆ ಹಚ್ಚಿ, ಸ್ಲೈಡ್ ನೋಡಿಕೊಂಡು ತೊಳೆದು, ಕತ್ತಲೆಯ ಡಬ್ಬದಲ್ಲಿ ದೀಪದ ಕೆಳಗೆ ಕೈ ಇಟ್ಟರೆ ಉಜ್ಜದ ಜಾಗ ಹೊಳೆಯುತ್ತದೆ. ಕ್ರಿಮಿ ಇದೆಯೋ ಇಲ್ಲವೋ ಎಂದು ಅದು ಹೇಳುವುದಿಲ್ಲ, ಕೈ ಎಲ್ಲಿಗೆ ಹೋಗಲಿಲ್ಲ ಎಂದು ಹೇಳುತ್ತದೆ. ನಮ್ಮ ಹಳೆಯ ಸ್ಲೈಡ್ ನೋಡಿ ತೊಳೆದ ಒಬ್ಬ ಸಿಸ್ಟರ್ ಕೈ ಡಬ್ಬದೊಳಗೆ ಇಟ್ಟಾಗ ಬಲ ಹೆಬ್ಬೆರಳು ಒಂದೇ ದೀಪದ ಬತ್ತಿಯ ಹಾಗೆ ಕಾಣಿಸಿತು. ಅವರು ಎಡ ಹೆಬ್ಬೆರಳನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದರು, ಅದು ಪೂರ್ತಿ ಶುದ್ಧ. "ಚಿತ್ರದಲ್ಲಿ ಇದೊಂದೇ ಇತ್ತಲ್ಲ" ಅಂದರು. 6ನೇ ಚೌಕವನ್ನು ಎರಡಾಗಿ ಒಡೆದದ್ದು ಅದಾದ ಮೇಲೆ.

ಸ್ಲೈಡನ್ನು ವಾಟ್ಸಾಪ್ ಗ್ರೂಪಿಗೆ ಹಾಕಬಹುದಾ?

ಹಾಕಿ, ಆದರೆ ಪಿಡಿಎಫ್ ಆಗಿ ಹಾಕಿ. ಚಿತ್ರವಾಗಿ ಕಳಿಸಿದ್ದನ್ನು ಯಾರೋ ಕತ್ತರಿಸಿ ಮುಂದೆ ಕಳಿಸುತ್ತಾರೆ. ಒಮ್ಮೆ ನಮಗೇ ವಾಪಸ್ ಬಂದ ಪ್ರತಿಯಲ್ಲಿ ಕೆಳಗಿನ ಸಾಲು ಪೂರ್ತಿ ಹೋಗಿತ್ತು. 7ಕ್ಕೆ ಮುಗಿಯುತ್ತಿತ್ತು, ಅಂದರೆ ಸೋಪು ಕೈಯಲ್ಲೇ.